ಬಿಜಿಎಂಐ ಆಡುವವರ ಎಡ ಹೆಬ್ಬೆರಳ ನೋವಿಗೆ

ಬಿಜಿಎಂಐನಲ್ಲಿ ಓಡುವಾಗ ಎಡ ಹೆಬ್ಬೆರಳು ಜಾಯ್‌ಸ್ಟಿಕ್ಕನ್ನು ಮೇಲಕ್ಕೆ ಒತ್ತಿಕೊಂಡೇ ಇರುತ್ತದೆ. ನೋವು ಶುರುವಾಗುವುದೇ ಅಲ್ಲಿಂದ. ಜಾಯ್‌ಸ್ಟಿಕ್ಕನ್ನು ಓಟದ ಗುರುತಿನವರೆಗೆ ಎಳೆದು ಬಿಟ್ಟರೆ ಓಟ ತಾನಾಗಿ ಮುಂದುವರಿಯುತ್ತದೆ; ಆಗ ಬೆರಳು ಎತ್ತಿಬಿಡಿ. ಬಟನ್‌ಗಳಿಗಾಗಿ ಹೆಬ್ಬೆರಳು ಚಾಚಬೇಕಾಗುತ್ತಿದ್ದರೆ, ಕಂಟ್ರೋಲ್ ಸೆಟ್ಟಿಂಗ್‌ನಲ್ಲಿ ಅವನ್ನು ಹತ್ತಿರಕ್ಕೆ ಸರಿಸಿ. ಫೋನಿನ ಭಾರ ಕಿರುಬೆರಳ ಮೇಲೆ ಬೀಳದಂತೆ ಮೊಣಕೈಗೆ ದಿಂಬು ಕೊಡಿ.

ಪ್ರತಿ ಮ್ಯಾಚ್ ಮುಗಿದಾಗ ಫೋನ್ ಕೆಳಗಿಟ್ಟು ಬೆರಳುಗಳನ್ನು ಅಗಲಿಸಿ 10 ಸೆಕೆಂಡ್ ಹಿಡಿಯಿರಿ. ಜೊತೆಗೇ ಕಿಟಕಿಯಾಚೆ ದೂರಕ್ಕೆ ನೋಡುತ್ತಾ ಕೆಲವು ಸಲ ಕಣ್ಣು ಪೂರ್ತಿ ಮುಚ್ಚಿ ತೆರೆಯಿರಿ. ಆಟದ ಗುಂಗಿನಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿರುತ್ತದೆ.

ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ. ಹೆಬ್ಬೆರಳ ಬುಡದಲ್ಲಿ ಚುಚ್ಚಿದಂತೆ ನೋವಾದರೆ ಅಲ್ಲಿನ ಸ್ನಾಯುರಜ್ಜು ಕೆರಳಿರಬಹುದು. ಆಟ ನಿಲ್ಲಿಸಿ, ಒಂದೆರಡು ವಾರದಲ್ಲಿ ತಗ್ಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.