ಕೊರಿಯಾದ ಯಂತ್ರಕ್ಕಾಗಿ ರಫ್ತುದಾರರಿಂದ ಮೂರು ಕಾಗದ ತರಿಸಿಕೊಂಡ ನನ್ನ ಅನುಭವ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ದಾಲ್ ಮಿಲ್ ಇದೆ. ತೊಗರಿ ಬೇಳೆಯಲ್ಲಿ ಉಳಿದುಬಿಡುವ ಕಪ್ಪು ಕಾಳು, ಸಿಪ್ಪೆ ಬಿಡದ ಬೇಳೆ ಮತ್ತು ಸಣ್ಣ ಹರಳುಗಳನ್ನು ಕ್ಯಾಮೆರಾದಿಂದ ಗುರುತಿಸಿ, ಗಾಳಿಯ ಹೊಡೆತದಿಂದ ಬೇರೆ ಮಾಡುವ ಯಂತ್ರಕ್ಕೆ ನಮ್ಮ ಊರಿನ ಮಿಲ್‌ಗಳಲ್ಲಿ ಎಲ್ಲರೂ ಸಾರ್ಟೆಕ್ಸ್ ಎನ್ನುತ್ತಾರೆ. ಕಾಗದಪತ್ರಗಳಲ್ಲಿ ಅದರ ಹೆಸರು ಕಲರ್ ಸಾರ್ಟರ್. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರುವುದಕ್ಕೆ ಮೊದಲೇ ಅಂಥದೊಂದನ್ನು ದಕ್ಷಿಣ ಕೊರಿಯಾದಿಂದ ನೇರವಾಗಿ ತರಿಸುವುದೆಂದು ನಿರ್ಧರಿಸಿದೆವು. ಭಾರತ ಮತ್ತು ಕೊರಿಯಾ ನಡುವಿನ ಸೇಪಾ ಎಂಬ ವ್ಯಾಪಾರ ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದ್ದು, ಅದರ ಅಡಿಯಲ್ಲಿ ಈ ಯಂತ್ರಕ್ಕೆ ಸುಂಕದ ರಿಯಾಯಿತಿ ಕೇಳಬಹುದೆಂದು ಮುಂಬೈಯ ನಮ್ಮ ಕಸ್ಟಮ್ಸ್ ಬ್ರೋಕರ್ ಅಧಿಸೂಚನೆ ನೋಡಿ ತಿಳಿಸಿದ್ದರು.

ಆರ್ಡರ್ ಕೊಟ್ಟ ದಿನ ನಾನು ರಫ್ತುದಾರರಿಗೆ ಬರೆದದ್ದು ಒಂದೇ ಸಾಲು: ಕಸ್ಟಮ್ಸ್‌ಗೆ ಬೇಕಾದ ಎಲ್ಲ ಕಾಗದಗಳನ್ನು ಕಳುಹಿಸಿ. ಕಳುಹಿಸುತ್ತೇವೆ ಎಂದು ಅವರೂ ಉತ್ತರಿಸಿದರು. ಎರಡು ವಾರಗಳ ನಂತರ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮತ್ತು ಮೂಲ ದೇಶದ ಪ್ರಮಾಣಪತ್ರ ಎಂಬ ಮೂರು ಕಾಗದಗಳ ಕರಡು ಬಂದವು. ಅವನ್ನು ಬ್ರೋಕರ್‌ಗೆ ಕಳುಹಿಸಿದ ಅರ್ಧ ಗಂಟೆಯಲ್ಲಿ ಅವರ ಕರೆ ಬಂತು. ಅವರು ಮೂಲತಃ ಅಫಜಲಪುರದ ಕಡೆಯವರು. ಮುಂಬೈಯಲ್ಲಿ ಎಷ್ಟೋ ವರ್ಷಗಳಿಂದ ಇದ್ದರೂ ಮಾತು ನಮ್ಮದೇ. “ಸಾವ್ಕಾರ್ರೇ, ಸರ್ಟಿಫಿಕೇಟ್ ಅದ ಖರೆ, ಆದ್ರ ನಮಗ ಬೇಕಾಗಿದ್ದು ಇದಲ್ಲ” ಎಂದರು.

ಅವರು ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರದ ಸಂಗತಿ. ಮೂಲ ದೇಶದ ಪ್ರಮಾಣಪತ್ರದಲ್ಲಿ, ಅಂದರೆ ಸರ್ಟಿಫಿಕೇಟ್ ಆಫ್ ಒರಿಜಿನ್‌ನಲ್ಲಿ, ಎರಡು ಬಗೆಗಳಿವೆ. ಒಂದು ಸಾಮಾನ್ಯವಾದದ್ದು, ಸರಕು ಕೊರಿಯಾದ್ದೆಂದು ಅಲ್ಲಿನ ವಾಣಿಜ್ಯ ಮಂಡಳಿ ಮುದ್ರೆ ಹಾಕಿ ಹೇಳುತ್ತದೆ, ಅಷ್ಟೇ. ಇನ್ನೊಂದು ಒಪ್ಪಂದದ ಹೆಸರು ಹೊತ್ತ, ಒಪ್ಪಂದವೇ ಗೊತ್ತುಪಡಿಸಿದ ನಮೂನೆಯ ಪ್ರಮಾಣಪತ್ರ. ಸರಕು ಯಾವ ನಿಯಮದ ಪ್ರಕಾರ ಕೊರಿಯಾ ಮೂಲದ್ದೆಂದು ಅರ್ಹವಾಗುತ್ತದೆ ಎಂಬುದು ಅದರಲ್ಲಿ ನಮೂದಾಗಿರಬೇಕು. ಸುಂಕದ ರಿಯಾಯಿತಿ ಸಿಗುವುದು ಈ ಎರಡನೆಯದಕ್ಕೆ ಮಾತ್ರ. ಕೊರಿಯಾದ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ ಎರಡನ್ನೂ ಕೊಡುತ್ತದೆಯಾದ್ದರಿಂದ, ಮಂಡಳಿಯ ಹೆಸರು ನೋಡಿದ ಮಾತ್ರಕ್ಕೆ ಇದು ಯಾವ ಬಗೆಯದೆಂದು ತಿಳಿಯುವುದಿಲ್ಲ. ತಲೆಬರಹದಲ್ಲಿ ಒಪ್ಪಂದದ ಹೆಸರಿದೆಯೇ, ಒಳಗೆ ಸರಕಿನ ಬಗೆಯನ್ನು ಗುರುತಿಸುವ ಆರು ಅಂಕಿಯ ಎಚ್‌ಎಸ್ ಕೋಡ್ ಮತ್ತು ಮೂಲದ ಮಾನದಂಡದ ಕಾಲಂ ತುಂಬಿದೆಯೇ ಎಂದು ನೋಡಬೇಕು. ನಮಗೆ ಬಂದಿದ್ದ ಕರಡಿನಲ್ಲಿ ಇವಾವುವೂ ಇರಲಿಲ್ಲ. ರಫ್ತುದಾರರದ್ದೇನೂ ತಪ್ಪಿಲ್ಲ, ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು.

ಆ ಸಂಜೆ ಬ್ರೋಕರ್ ಜೊತೆ ಫೋನಿನಲ್ಲಿ ಕುಳಿತು ಎರಡನೆಯ ಪತ್ರ ಬರೆದೆ. ಅದರ ಮೊದಲ ಪ್ರಶ್ನೆ ಪ್ರಮಾಣಪತ್ರದ್ದಾಗಿರಲಿಲ್ಲ, ಕಂಪ್ರೆಸರ್‌ನದ್ದಾಗಿತ್ತು. ಗಾಳಿಯಿಂದ ಕಾಳು ಹಾರಿಸುವ ಯಂತ್ರವಾದ್ದರಿಂದ ಅದರ ಜೊತೆ ಏರ್ ಕಂಪ್ರೆಸರ್ ಮತ್ತು ಗಾಳಿಯ ಟ್ಯಾಂಕ್ ಕೂಡ ಬರುತ್ತಿದ್ದವು. ಕರಡು ಇನ್‌ವಾಯ್ಸ್‌ನಲ್ಲಿ ಎಲ್ಲವೂ ಸೇರಿ ಒಂದೇ ಸಾಲು, ಒಂದೇ ಬೆಲೆ. ಇವು ಯಾವ ದೇಶದಲ್ಲಿ ತಯಾರಾದವು ಎಂದು ಕೇಳಿದಾಗ, ಕಂಪ್ರೆಸರ್ ಮತ್ತು ಟ್ಯಾಂಕ್ ಎರಡೂ ಚೀನಾದಿಂದ ಕೊಂಡು ಜೋಡಿಸಿದವೆಂಬ ಉತ್ತರ ಬಂತು. ಕೊರಿಯಾದ ಹಡಗಿನಲ್ಲಿ, ಕೊರಿಯಾದ ಕಂಪನಿಯ ಇನ್‌ವಾಯ್ಸ್‌ನಲ್ಲಿ ಬಂದರೂ ಅವು ಕೊರಿಯಾ ಮೂಲದ ಸರಕಲ್ಲ. ಅವನ್ನೂ ಸೇರಿಸಿ ರಿಯಾಯಿತಿ ಕೇಳಿದರೆ ಅದು ತಪ್ಪು ಘೋಷಣೆಯಾಗುತ್ತದೆ, ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಯಂತ್ರದ ರಿಯಾಯಿತಿಗೂ ಸಂಚಕಾರ ಬರುತ್ತದೆ.

ಆದ್ದರಿಂದ ಕಮರ್ಷಿಯಲ್ ಇನ್‌ವಾಯ್ಸ್‌ನಲ್ಲಿ ಪ್ರತಿಯೊಂದು ವಸ್ತುವಿಗೆ ಬೇರೆ ಸಾಲು, ಬೇರೆ ಬೆಲೆ, ಬೇರೆ ಮೂಲ ದೇಶವನ್ನು ಬರೆಯುವಂತೆ ಕೇಳಿದೆವು. ಹೊಸ ಇನ್‌ವಾಯ್ಸ್‌ನಲ್ಲಿ ಸಾರ್ಟರ್ 38,000 ಡಾಲರ್ ಮತ್ತು ಕೊರಿಯಾ, ಕಂಪ್ರೆಸರ್ ಹಾಗೂ ಟ್ಯಾಂಕ್ ಸೇರಿ 4,500 ಡಾಲರ್ ಮತ್ತು ಚೀನಾ ಎಂದು ಬಂತು. ಉಚಿತವಾಗಿ ಕೊಡುತ್ತಿದ್ದ ಎಜೆಕ್ಟರ್ ವಾಲ್ವ್, ಗಾಜು ಮುಂತಾದ ಬಿಡಿಭಾಗಗಳ ಮುಂದೆ ಮೊದಲು ಬೆಲೆಯ ಜಾಗದಲ್ಲಿ ಸೊನ್ನೆ ಇತ್ತು. ನಾವು ಹಣ ಕೊಡದಿದ್ದರೂ ವಸ್ತುವಿಗೆ ಮೌಲ್ಯವಿದೆ, ಸುಂಕ ಬೀಳುವುದು ಆ ಮೌಲ್ಯದ ಮೇಲೆ. ಹೀಗಾಗಿ ಅಲ್ಲಿ 600 ಡಾಲರ್ ಎಂದು ಬರೆದು, ಕಸ್ಟಮ್ಸ್ ಉದ್ದೇಶಕ್ಕಾಗಿ ಮಾತ್ರ ಎಂಬ ಟಿಪ್ಪಣಿ ಹಾಕಿಸಿದೆವು.

ಇನ್‌ವಾಯ್ಸ್‌ನಲ್ಲಿ ಇನ್ನೊಂದು ಕೊರತೆಯಿತ್ತು. ಮೊತ್ತವಿತ್ತು, ಆದರೆ ಆ ಮೊತ್ತ ಯಾವ ಷರತ್ತಿನದ್ದೆಂದು ಬರೆದಿರಲಿಲ್ಲ. ನಮ್ಮ ಮಾತುಕತೆ ಎಫ್‌ಒಬಿ ಬೂಸಾನ್ ಎಂದಾಗಿತ್ತು. ಅಂದರೆ ಬೂಸಾನ್ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಅವರದು, ಹಡಗಿನ ಬಾಡಿಗೆ ನಮ್ಮದು. ಆಮದು ಮೌಲ್ಯದಲ್ಲಿ ಬಾಡಿಗೆ ಮತ್ತು ವಿಮೆಯೂ ಸೇರುವುದರಿಂದ, ಬಾಡಿಗೆ ಎಷ್ಟೆಂದು ತಿಳಿಯಲು ಬಾರದಿದ್ದರೆ 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ ಪ್ರಕಾರ ಎಫ್‌ಒಬಿ ಬೆಲೆಯ ಶೇಕಡಾ 20ರಷ್ಟನ್ನು ಬಾಡಿಗೆಯೆಂದು ಸೇರಿಸುತ್ತಾರೆ. ನಮ್ಮ ಒಟ್ಟು ಬೆಲೆ 43,100 ಡಾಲರ್. ಅದರ ಶೇಕಡಾ 20 ಎಂದರೆ 8,620 ಡಾಲರ್. ನಾವು ನಿಜವಾಗಿ ಕೊಟ್ಟ ಬಾಡಿಗೆ 640 ಡಾಲರ್. ಇನ್‌ವಾಯ್ಸ್ ಮೇಲೆ ಎಫ್‌ಒಬಿ ಬೂಸಾನ್ ಎಂಬ ಎರಡು ಪದಗಳು, ಅದರ ಜೊತೆ ಫಾರ್ವರ್ಡರ್‌ನ ಬಾಡಿಗೆ ಬಿಲ್ಲು, ಇವಿಷ್ಟೇ ಆ ವ್ಯತ್ಯಾಸವನ್ನು ತಡೆದವು.

ಪ್ಯಾಕಿಂಗ್ ಲಿಸ್ಟ್ ಬಗ್ಗೆ ನನಗೆ ಮೊದಲು ಅಷ್ಟೇನೂ ಕಾಳಜಿ ಇರಲಿಲ್ಲ. ಅದರಲ್ಲಿ ಬೆಲೆಯಿಲ್ಲ, ಬರೀ ತೂಕ ಎಂದುಕೊಂಡಿದ್ದೆ. ಆದರೆ ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವವರ ಕೈಯಲ್ಲಿರುವುದು ಇದೇ. ಕರಡಿನಲ್ಲಿ ನಾಲ್ಕು ಪ್ಯಾಕೇಜ್‌ಗಳಿದ್ದವು: ಮೂರು ಮರದ ಪೆಟ್ಟಿಗೆ, ಒಂದು ಬಿಡಿಭಾಗಗಳ ರಟ್ಟಿನ ಡಬ್ಬ. ಹಡಗಿನವರು ಸರಕಿಗೆ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನ ಕರಡಿನಲ್ಲಿ ಮೂರೇ ಇದ್ದವು. ವಿಚಾರಿಸಿದಾಗ ಆ ಡಬ್ಬವನ್ನು ಮೂರನೆಯ ಪೆಟ್ಟಿಗೆಯ ಒಳಗೇ ಇಟ್ಟು ಮೊಳೆ ಹೊಡೆದಿರುವುದು ತಿಳಿಯಿತು. ಹಾಗೆಯೇ ಬಿಟ್ಟಿದ್ದರೆ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಒಂದು ಪ್ಯಾಕೇಜ್ ಕಡಿಮೆ ಬಂದಿದೆ ಎಂದು ದಾಖಲಾಗಿ, ಇಲ್ಲದ ಡಬ್ಬವನ್ನು ಹುಡುಕುತ್ತ ದಿನ ಕಳೆಯಬೇಕಾಗುತ್ತಿತ್ತು. ತೂಕದಲ್ಲಿಯೂ ಇಂಥದೇ ಎಡವಟ್ಟು: ಒಟ್ಟು ತೂಕದ ಜಾಗದಲ್ಲಿ 1,808 ಕಿಲೋ ಎಂದಿತ್ತು, ಅದು ನಿವ್ವಳ ತೂಕ. ಮರದ ಪೆಟ್ಟಿಗೆಗಳೂ ಸೇರಿ 2,032 ಕಿಲೋ ಆಗಬೇಕಿತ್ತು, ಬಿಲ್ ಆಫ್ ಲೇಡಿಂಗ್‌ನಲ್ಲಿಯೂ ಅಷ್ಟೇ ಇತ್ತು. ಪೆಟ್ಟಿಗೆಯೊಂದಕ್ಕೆ ಒಂದು ಸಾಲಿನಂತೆ ಒಳಗಿರುವ ವಸ್ತು, ನಿವ್ವಳ ತೂಕ, ಒಟ್ಟು ತೂಕ, ಅಳತೆ, ಪೆಟ್ಟಿಗೆಯ ಮೇಲೆ ಬರೆದ ಗುರುತಿನ ಸಂಖ್ಯೆ ಇಷ್ಟನ್ನೂ ಬರೆಯಿಸಿದೆವು. ಕಂಪ್ರೆಸರ್ ಮತ್ತು ಟ್ಯಾಂಕ್ ತಮ್ಮದೇ ಪೆಟ್ಟಿಗೆಯಲ್ಲಿರುವುದು ಇದರಿಂದ ಸ್ಪಷ್ಟವಾಯಿತು. ಅಧಿಕಾರಿ ನೋಡಬೇಕೆಂದರೆ ಯಾವ ಪೆಟ್ಟಿಗೆ ಬಿಚ್ಚಬೇಕೆಂಬುದು ಕಾಗದದಲ್ಲೇ ಇತ್ತು.

ಮರದ ಪೆಟ್ಟಿಗೆಗಳಿಗೆ ಶಾಖ ಕೊಟ್ಟು ಕೀಟ ಕೊಂದ ಮುದ್ರೆ ಇರಬೇಕೆಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿದೆವು. ಪೆಟ್ಟಿಗೆ ಕಟ್ಟಿದ ಮೇಲೆ ಫೋಟೋ ಕಳುಹಿಸಿ ಎಂದು ಕೇಳಿದ್ದೆ. ಹಲಗೆಯ ಮೇಲೆ ಸುಟ್ಟು ಒತ್ತಿದ ಗೋಧಿ ತೆನೆಯ ಚಿಹ್ನೆ, ಪಕ್ಕದಲ್ಲಿ KR ಎಂಬ ದೇಶದ ಸಂಕೇತ, ಕೆಳಗೆ HT ಎಂಬ ಎರಡಕ್ಷರ ಫೋಟೋದಲ್ಲಿ ಕಾಣುತ್ತಿದ್ದವು.

ಇನ್ನು ಪ್ರಮಾಣಪತ್ರಕ್ಕೆ ಮರಳುತ್ತೇನೆ. ಒಪ್ಪಂದದ ನಮೂನೆಯಲ್ಲಿಯೇ, ಸಾರ್ಟರ್ ಒಂದಕ್ಕೆ ಮಾತ್ರ ಅದನ್ನು ತೆಗೆಸುವುದೆಂದು ನಿಶ್ಚಯವಾಯಿತು. ಆದರೆ 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ, ಒಪ್ಪಂದದ ರಿಯಾಯಿತಿಗೆ ಮೂಲ ದೇಶವನ್ನು ತೋರಿಸುವ ಕುರಿತಾದ ಕ್ಯಾರೋಟಾರ್ ನಿಯಮಗಳ ನಂತರ, ಪ್ರಮಾಣಪತ್ರ ಕೈಯಲ್ಲಿದ್ದರೆ ಸಾಲದು. ಸರಕು ಹೇಗೆ ಆ ದೇಶದ ಮೂಲದ್ದಾಗುತ್ತದೆ ಎಂಬ ಮಾಹಿತಿ ಆಮದುದಾರನ ಬಳಿಯೇ ಇರಬೇಕು. ಅದಕ್ಕೆ ಫಾರ್ಮ್ 1 ಎಂಬ ನಮೂನೆಯಿದೆ. ಕೊರಿಯಾ ಒಪ್ಪಂದದ ಸಾಮಾನ್ಯ ನಿಯಮ ಎರಡು ಷರತ್ತುಗಳನ್ನು ಒಟ್ಟಿಗೆ ಹೇಳುತ್ತದೆ: ಮೌಲ್ಯದಲ್ಲಿ ಕನಿಷ್ಠ ಶೇಕಡಾ 35 ಅಲ್ಲಿಯದ್ದಾಗಿರಬೇಕು, ಜೊತೆಗೆ ಹೊರದೇಶದಿಂದ ತಂದ ಭಾಗಗಳ ಆರು ಅಂಕಿಯ ಕೋಡ್ ಸಿದ್ಧವಸ್ತುವಿನ ಕೋಡ್‌ಗಿಂತ ಬೇರೆಯಾಗಿರಬೇಕು. ಸಾರ್ಟರ್‌ನ ಕೋಡ್ 8437.10, ಅದರ ಬಿಡಿಭಾಗಗಳದ್ದು 8437.90; ಹೀಗಾಗಿ ಎರಡನೆಯ ಷರತ್ತು ಸುಲಭವಾಗಿ ಕೂಡಿಬಂತು. ಮೊದಲನೆಯದಕ್ಕೆ ರಫ್ತುದಾರರು ತಮ್ಮ ಖರ್ಚಿನ ಲೆಕ್ಕ ಕೊಡಲು ಹಿಂಜರಿದರು, ಅದು ಸಹಜವೇ. ಯಾವ ಭಾಗಗಳು ಎಲ್ಲಿಂದ ಬರುತ್ತವೆ, ತಮ್ಮ ಕಾರ್ಖಾನೆಯಲ್ಲಿ ಯಾವ ಕೆಲಸ ನಡೆಯುತ್ತದೆ, ಒಟ್ಟಾರೆ ಶೇಕಡಾವಾರು ಎಷ್ಟು ಎಂಬುದನ್ನು ಲೆಟರ್‌ಹೆಡ್ ಮೇಲೆ ಬರೆದುಕೊಡಲು ಕೊನೆಗೆ ಒಪ್ಪಿದರು. ಅಧಿಕಾರಿ ಈ ಮಾಹಿತಿ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಕೊಡಬೇಕಾಗುತ್ತದೆ. ಯಂತ್ರದ ಪೂರ್ತಿ ಹಣ ಸಂದಾಯವಾದ ಮೇಲೆ ಇಂಥ ಪತ್ರವನ್ನು ಅಷ್ಟು ಬೇಗ ತರಿಸುವುದು ಕಷ್ಟ. ಆದ್ದರಿಂದ ಬಾಕಿ ಹಣ ಕಳುಹಿಸುವ ಮೊದಲೇ ಅದನ್ನು ತರಿಸಿಕೊಂಡೆ.

ಪ್ರಮಾಣಪತ್ರದಲ್ಲಿ ತಿದ್ದುಪಡಿಯಿದ್ದು ಅದರ ಮೇಲೆ ಕೊಟ್ಟವರ ದೃಢೀಕರಣ ಇಲ್ಲದಿದ್ದರೆ, ಅಥವಾ ಕಾಲಂಗಳು ಅಪೂರ್ಣವಾಗಿದ್ದರೆ ರಿಯಾಯಿತಿಯನ್ನು ನಿರಾಕರಿಸಬಹುದು. ಹೀಗಾಗಿ ಮಂಡಳಿಗೆ ಹೋಗುವ ಮೊದಲೇ ಕರಡನ್ನು ಇನ್‌ವಾಯ್ಸ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿದೆವು. ಸಿಕ್ಕಿದ್ದು ಒಂದೇ ವ್ಯತ್ಯಾಸ, ಅದೂ ನಮ್ಮ ಕಡೆಯದು. 2014ರ ನವೆಂಬರ್ 1ರಂದು ನಮ್ಮ ಊರಿನ ಹೆಸರು ಗುಲಬರ್ಗಾದಿಂದ ಕಲಬುರಗಿಯಾಯಿತು, ಆದರೆ ಐಇಸಿ ಎನ್ನುವ ನಮ್ಮ ಹಳೆಯ ಆಮದು-ರಫ್ತು ನೋಂದಣಿಯಲ್ಲಿ ಇನ್ನೂ ಗುಲಬರ್ಗಾ ಎಂದೇ ಉಳಿದಿತ್ತು. ಅದನ್ನು ಕೊಡುವ ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿಯ ಜಾಲತಾಣದಲ್ಲಿ ತಿದ್ದಿಸಿ, ಎಲ್ಲ ಕಾಗದಗಳಲ್ಲಿ ಒಂದೇ ವಿಳಾಸ ಬರುವಂತೆ ನೋಡಿಕೊಂಡೆವು.

ಹಡಗು ಬರುವ ನಾಲ್ಕು ದಿನ ಮೊದಲು ಬ್ರೋಕರ್ ಕಾಗದಗಳನ್ನು ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆಯಾದ ಇ-ಸಂಚಿತ್‌ನಲ್ಲಿ ಏರಿಸಿ, ಆಮದಿನ ಘೋಷಣೆಯಾದ ಬಿಲ್ ಆಫ್ ಎಂಟ್ರಿ ಸಲ್ಲಿಸಿದರು. ಸಾರ್ಟರ್‌ಗೆ ಒಪ್ಪಂದದ ದರ, ಕಂಪ್ರೆಸರ್ ಮತ್ತು ಟ್ಯಾಂಕ್‌ಗೆ ಸಾಮಾನ್ಯ ದರ ಬಿತ್ತು. ಅಧಿಕಾರಿ ಎರಡನೆಯ ಪೆಟ್ಟಿಗೆಯನ್ನು ಮಾತ್ರ ಬಿಚ್ಚಿಸಿ, ಕಂಪ್ರೆಸರ್‌ನ ತಗಡಿನ ಫಲಕದ ಮೇಲಿದ್ದ ಚೀನಾದ ಹೆಸರನ್ನು ಇನ್‌ವಾಯ್ಸ್‌ನೊಂದಿಗೆ ತಾಳೆ ನೋಡಿ ಮುಚ್ಚಿಸಿದರೆಂದು ಬ್ರೋಕರ್ ತಿಳಿಸಿದರು. ಫಾರ್ಮ್ 1 ಮತ್ತು ರಫ್ತುದಾರರ ಪತ್ರವನ್ನು ಐದು ವರ್ಷ ಇಟ್ಟುಕೊಳ್ಳಬೇಕಾದ್ದರಿಂದ, ಮಿಲ್ಲಿನ ಕಚೇರಿಯಲ್ಲಿ ಅವಕ್ಕೊಂದು ಬೇರೆ ಫೈಲ್ ಮಾಡಿದ್ದೇನೆ. ಎರಡನೆಯ ಪತ್ರದ ಪ್ರತಿಯೂ ಅದರಲ್ಲೇ ಇದೆ. ಈ ವರ್ಷ ಇನ್ನೊಂದು ಯಂತ್ರಕ್ಕೆ ವಿಚಾರಿಸುವಾಗ ಆ ಪತ್ರವನ್ನೇ ಆರ್ಡರ್‌ನ ಜೊತೆ ಲಗತ್ತಿಸಿ ಕಳುಹಿಸಿದ್ದೇನೆ.