15 ಪರ್ಸೆಂಟ್ ಹೈಕ್ ಅಂದರು, ಯಾವುದರ ಮೇಲೆ?

2022ರ ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರ್ ನಗುತ್ತಾ ಹೇಳಿದರು: "ಪ್ರಮೋಷನ್ ಜೊತೆಗೆ 15 ಪರ್ಸೆಂಟ್ ಹೈಕ್." ನಾನು ಖುಷಿಯಿಂದ ಮನೆಗೂ ಫೋನ್ ಮಾಡಿಬಿಟ್ಟೆ. ನನ್ನ ಮಾವ ಸರ್ಕಾರಿ ನೌಕರಿಯಲ್ಲಿದ್ದವರು. ಅವರು ಕೇಳಿದ ಮೊದಲ ಪ್ರಶ್ನೆಯೇ "ಬೇಸಿಕ್ ಮೇಲಾ?" ಅಂತ. ಅವರಿಗೆ ತುಟ್ಟಿಭತ್ಯೆಯ ಪರ್ಸೆಂಟ್ ಅಂದರೆ ಮೂಲ ವೇತನದ ಮೇಲೆ, ಅದರಲ್ಲಿ ಗೊಂದಲವೇ ಇಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಹಳೇ ಸ್ಯಾಲರಿ ಅನೆಕ್ಸರ್ ತೆಗೆದು ಕೂತೆ. ಸಿಟಿಸಿ, ಅಂದರೆ ಕಂಪನಿ ನನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 10 ಲಕ್ಷ. ಅದರಲ್ಲಿ ಬೇಸಿಕ್ 4 ಲಕ್ಷ. ಮನೆ ಬಾಡಿಗೆ ಭತ್ಯೆ, ಸ್ಪೆಷಲ್ ಅಲೋವೆನ್ಸ್ ಸೇರಿ ತಿಂಗಳು ತಿಂಗಳು ಪೇಸ್ಲಿಪ್ಪಿಗೆ ಬರುವ ಗ್ರಾಸ್ ವರ್ಷಕ್ಕೆ 8,20,000. ವೇರಿಯಬಲ್, ಅಂದರೆ ಪೂರ್ತಿ ಸಿಗುತ್ತದೆಂಬ ಖಾತ್ರಿಯಿಲ್ಲದ ಭಾಗ, 1 ಲಕ್ಷ. ಉಳಿದ 80,000 ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್. ಇವು ನನ್ನ ಹೆಸರಿನ ಖರ್ಚೇ, ಆದರೆ ಕೈಗೆ ಬರುವುದಿಲ್ಲ.

15 ಪರ್ಸೆಂಟ್ ಬೇಸಿಕ್ ಮೇಲಾದರೆ 60,000. ಗ್ರಾಸ್ ಮೇಲಾದರೆ 1,23,000. ಸಿಟಿಸಿ ಮೇಲಾದರೆ 1,50,000. ಇನ್ನು 'ಫಿಕ್ಸೆಡ್' ಅನ್ನೋ ಪದಕ್ಕೇ ಎರಡು ಅರ್ಥ ಇದೆ. ಕೆಲವರು ಪೇಸ್ಲಿಪ್ಪಿನ ಗ್ರಾಸನ್ನು ಫಿಕ್ಸೆಡ್ ಅನ್ನುತ್ತಾರೆ. ಇನ್ನು ಕೆಲವರು ಸಿಟಿಸಿಯಲ್ಲಿ ವೇರಿಯಬಲ್ ಕಳೆದು ಉಳಿದದ್ದೆಲ್ಲ ಫಿಕ್ಸೆಡ್ ಅನ್ನುತ್ತಾರೆ. ಆಗ ಪಿಎಫ್, ಗ್ರಾಚ್ಯುಟಿನೂ ಅದರೊಳಗೆ ಬರುತ್ತದೆ, ನನ್ನ ಲೆಕ್ಕದಲ್ಲಿ 9 ಲಕ್ಷ. ಹಾಗಾಗಿ "ಫಿಕ್ಸೆಡ್ ಮೇಲೆ" ಅಂತ ಉತ್ತರ ಬಂದರೂ ಪೂರ್ತಿ ನಂಬುವ ಹಾಗಿಲ್ಲ.

ಆದ್ದರಿಂದ ಹೆಚ್‌ಆರ್‌ಗೆ ಮೇಲ್ ಮಾಡುವಾಗ ಪರ್ಸೆಂಟ್ ಬಗ್ಗೆ ಕೇಳಲೇ ಇಲ್ಲ, ರೂಪಾಯಿ ಕೇಳಿದೆ. ಬರೆದದ್ದು ಇಷ್ಟೇ: "ಹೈಕ್ ಆದ ಮೇಲೆ ನನ್ನ ತಿಂಗಳ ಗ್ರಾಸ್ ಎಷ್ಟು, ವರ್ಷದ ವೇರಿಯಬಲ್ ಎಷ್ಟು, ಯಾವ ತಾರೀಖಿನಿಂದ ಜಾರಿ? ಹೊಸ ಅನೆಕ್ಸರ್ ಕಳಿಸಬಹುದಾ?" ಮ್ಯಾನೇಜರನ್ನೂ ಸಿಸಿಯಲ್ಲಿ ಹಾಕಿದೆ. ಬಾಯಿಮಾತಲ್ಲಿ ಕೇಳಿದ್ದರೆ "ಸಿಟಿಸಿ ಮೇಲೆ ಕಣ್ರೀ" ಅಂತ ಮುಗಿಸುತ್ತಿದ್ದರು. ಅದು ಸುಳ್ಳೂ ಆಗುತ್ತಿರಲಿಲ್ಲ.

ಎರಡು ದಿನ ಬಿಟ್ಟು ಅನೆಕ್ಸರ್ ಬಂತು. ಸಿಟಿಸಿ 11,50,000, ಸರಿಯಾಗಿ 15 ಪರ್ಸೆಂಟ್. ಆದರೆ ಹೊಸ ಗ್ರೇಡಿನಲ್ಲಿ ವೇರಿಯಬಲ್ ಪಾಲು ಸಿಟಿಸಿಯ 10ರಿಂದ 15 ಪರ್ಸೆಂಟಿಗೆ ಏರಿತ್ತು. ಅಂದರೆ 1,72,500. ಬೇಸಿಕ್ ಜಾಸ್ತಿಯಾದ್ದರಿಂದ ಕಂಪನಿಯ ಪಿಎಫ್, ಗ್ರಾಚ್ಯುಟಿ ಕೂಡ ಏರಿ, ಇನ್ಶೂರೆನ್ಸ್ ಸೇರಿ 90,086 ಆಗಿತ್ತು. ಇವೆರಡನ್ನೂ ಕಳೆದರೆ ಗ್ರಾಸ್ 8,87,414. ಮೊದಲಿಗಿಂತ 67,414 ಹೆಚ್ಚು. ಪರ್ಸೆಂಟ್ ಲೆಕ್ಕದಲ್ಲಿ ಸುಮಾರು 8.2. ವೇರಿಯಬಲ್ ಪಾಲು 10 ಪರ್ಸೆಂಟೇ ಇದ್ದಿದ್ದರೆ ಗ್ರಾಸ್ ಕೂಡ ಹೆಚ್ಚುಕಡಿಮೆ 15 ಪರ್ಸೆಂಟೇ ಏರುತ್ತಿತ್ತು. ಯಾವುದರ ಮೇಲೆ ಹೈಕ್ ಅನ್ನುವುದಕ್ಕಿಂತ ಒಳಗಿನ ಪಾಲು ಬದಲಾಗಿದೆಯಾ ಅನ್ನುವುದೇ ನನ್ನ ಕೇಸಲ್ಲಿ ದೊಡ್ಡ ವಿಷಯವಾಯಿತು.

ಅನೆಕ್ಸರ್ ಪ್ರಿಂಟ್ ಹಿಡಿದು ಮ್ಯಾನೇಜರ್ ಹತ್ತಿರ ಹೋದೆ. "ಸರ್, ವೇರಿಯಬಲ್ ಹಳೇ ಪಾಲಲ್ಲೇ ಇಡಕ್ಕಾಗಲ್ವಾ?" ಅಂದೆ. "ಗ್ರೇಡ್ ಪಾಲಿಸಿ, ನನ್ನ ಕೈಯಲ್ಲಿಲ್ಲ" ಅಂದರು. ಹಾಗಾದರೆ ಹೋದ ವರ್ಷ ಟೀಮಿಗೆ ವೇರಿಯಬಲ್ ಎಷ್ಟು ಕೊಟ್ಟರು ಅಂತ ಕೇಳಿದೆ. ಹೆಚ್ಚುಕಡಿಮೆ 80 ಪರ್ಸೆಂಟ್ ಅಂದರು. ಆ ಲೆಕ್ಕದಲ್ಲಿ ಹೊಸ ವೇರಿಯಬಲ್ 1,38,000, ಹಳೆಯದು 80,000. ಗ್ರಾಸ್ ಜೊತೆ ಇದನ್ನೂ ಕೂಡಿಸಿದರೆ ನಿಜವಾದ ಏರಿಕೆ ವರ್ಷಕ್ಕೆ ಒಂದೂಕಾಲು ಲಕ್ಷದಷ್ಟು. ಕೆಟ್ಟದ್ದೇನಲ್ಲ. ಆದರೆ ಅದರ ಅರ್ಧದಷ್ಟು ಕಂಪನಿ ಹೇಗೆ ನಡೆಯುತ್ತದೆ ಅನ್ನುವುದರ ಮೇಲೆ ನಿಂತಿತ್ತು. ಇಎಂಐ ಲೆಕ್ಕಕ್ಕೆ ನಾನು ಗ್ರಾಸನ್ನು ಮಾತ್ರ ಹಿಡಿದೆ.

ಲೆಟರ್ ಕೈಗೆ ಬಂದದ್ದು ಜುಲೈನಲ್ಲಿ, ಜಾರಿ ಏಪ್ರಿಲ್ 1ರಿಂದ. ಹೀಗಾಗಿ ಜುಲೈ ಸಂಬಳದಲ್ಲಿ ಮೂರು ತಿಂಗಳ ಅರಿಯರ್ಸ್, ಸುಮಾರು 16,850 ರೂಪಾಯಿ, ಸೇರಿಕೊಂಡು ಬಂತು. ಆ ತಿಂಗಳ ಪೇಸ್ಲಿಪ್ ನೋಡಿ ತಾಳೆ ಹಾಕಲು ಹೋಗಬೇಡಿ, ತಲೆ ಕೆಡುತ್ತದೆ. ನಾನು ಆಗಸ್ಟ್ ಪೇಸ್ಲಿಪ್ಪಿಗೆ ಕಾದೆ. ಗ್ರಾಸ್ 68,333ರಿಂದ 73,951 ಆಗಿತ್ತು, ಅನೆಕ್ಸರ್‌ನಲ್ಲಿದ್ದಷ್ಟೇ. ಬೇಸಿಕ್ ತಿಂಗಳಿಗೆ 5,000 ಏರಿದ್ದರಿಂದ ನನ್ನ ಪಾಲಿನ ಪಿಎಫ್ 4,000ದಿಂದ 4,600 ಆಗಿತ್ತು. ಗ್ರಾಸ್‌ನಲ್ಲಿ ಏರಿದ 5,618ರಲ್ಲಿ ಈ 600 ಹೋಗಿ, ಮೇಲೆ ಟಿಡಿಎಸ್ ಕೂಡ ಕಳೆದು ಉಳಿದದ್ದು ಬ್ಯಾಂಕಿಗೆ ಬಿತ್ತು.