ನೋಟಿಸ್ ಮುಗಿಯುವ ಮೊದಲೇ ಬಿಡಿ ಎಂದವರಿಗೆ ಷರತ್ತಿನ ಉತ್ತರ: ನಾನು ಬರೆಯುವ ರೀತಿ

ಕಾಸರಗೋಡಿನ ಕಡೆ ಸಣ್ಣ ಕಂಪೆನಿಯ ಆಫೀಸು ನೋಡಿಕೊಳ್ಳುವವರಿಗೆ ಈ ಪತ್ರ ವರ್ಷಕ್ಕೆ ಒಂದೆರಡಾದರೂ ಬರುತ್ತದೆ. ಮಂಗಳೂರಲ್ಲಿ ಕೆಲಸ ಸಿಕ್ಕಿದೆ, ಒಂದನೇ ತಾರೀಕಿಗೆ ಸೇರಬೇಕಂತೆ, ದಯವಿಟ್ಟು ಬೇಗ ಬಿಡಿ. ಬಿಡುವುದಿಲ್ಲ ಎಂದರೆ ಮನಸ್ಸಿಲ್ಲದವರು ಎರಡು ತಿಂಗಳು ಮೇಜಿನ ಮುಂದೆ ಕೂತಿರುತ್ತಾರೆ. ಸುಮ್ಮನೆ ಬಿಟ್ಟರೆ ಮುಂದಿನ ತಿಂಗಳ ರಿಟರ್ನ್ ಹೊತ್ತಿಗೆ ಆಫೀಸಿನವರೆಲ್ಲ ಅವರಿಗೇ ಫೋನ್ ಮಾಡುತ್ತಿರುತ್ತಾರೆ. ಆದ್ದರಿಂದ ಹೆಚ್ಚಿನ ಸಲ ಉತ್ತರ ‘ಆಗಬಹುದು, ಆದರೆ’ ಎಂದೇ. ಆ ‘ಆದರೆ’ಯನ್ನು ಎಲ್ಲಿಗೆ ಕಟ್ಟುತ್ತೇವೆ ಎಂಬುದರ ಮೇಲೆ ಪತ್ರ ನಿಲ್ಲುತ್ತದೆ.

ನಾನು ಷರತ್ತನ್ನು ತಾರೀಕಿಗೆ ಕಟ್ಟುವುದಿಲ್ಲ, ಹಣಕ್ಕೆ ಕಟ್ಟುತ್ತೇನೆ. ‘ಕೆಲಸ ಒಪ್ಪಿಸಿದರೆ ಮಾತ್ರ 30ಕ್ಕೆ ಬಿಡುಗಡೆ’ ಎಂದು ಬರೆದರೆ, 29ರ ಸಂಜೆ ಒಂದು ಕೆಲಸ ಬಾಕಿ ಉಂಟು ಎಂದಾಗ ಏನು ಮಾಡುವುದು? ಹೊಸ ಕಡೆಯ ಸೇರುವ ತಾರೀಕು ಕದಲುವುದಿಲ್ಲ. ಅವರು ಹೋಗಿಯೇ ಹೋಗುತ್ತಾರೆ, ನಮ್ಮ ಕೈಯಲ್ಲಿ ಉಳಿಯುವುದು ಜಗಳ ಮಾತ್ರ. ಅದರ ಬದಲು ತಾರೀಕನ್ನು ಗಟ್ಟಿ ಮಾಡಿ, ಕೆಲಸ ಮುಗಿಸಿದರೆ ನೋಟಿಸಿನ ಹಣದಲ್ಲಿ, ಅಂದರೆ ನೋಟಿಸಿಗೆ ಕಡಿಮೆ ಬೀಳುವ ದಿನಗಳಿಗೆ ಅವರು ನಮಗೆ ಕಟ್ಟಬೇಕಾದ ಹಣದಲ್ಲಿ, ಇಷ್ಟು ಮಾಫಿ ಎಂದು ಬರೆದರೆ ಎರಡೂ ಕಡೆಗೆ ಕೊನೆಯ ದಿನದವರೆಗೆ ಆಸಕ್ತಿ ಇರುತ್ತದೆ.

ಲೆಕ್ಕ ಹಿಡಿದೇ ನೋಡುವ. ಅಡಿಕೆ, ಗೇರುಬೀಜ ಖರೀದಿಸಿ ಮಂಗಳೂರಿಗೆ ಕಳಿಸುವ ಒಂದು ಸಂಸ್ಥೆಯ ಅಕೌಂಟೆಂಟ್ ಎಂದಿಟ್ಟುಕೊಳ್ಳಿ. ಒಟ್ಟು ಸಂಬಳ 27,000 ರೂಪಾಯಿ, ಅದರಲ್ಲಿ ಬೇಸಿಕ್ 15,000. ನೇಮಕಾತಿ ಪತ್ರದಲ್ಲಿ 60 ದಿನದ ನೋಟಿಸ್. ರಾಜೀನಾಮೆ ಜೂನ್ 3ಕ್ಕೆ ಕೊಟ್ಟಿದ್ದಾರೆ, ಜೂನ್ 30ಕ್ಕೆ ಬಿಡಿ ಎನ್ನುತ್ತಾರೆ. ಮರುದಿನದಿಂದ ಎಣಿಸಿದರೆ ಜೂನಿನಲ್ಲಿ 27, ಜುಲೈಯಲ್ಲಿ 31, ಆಗಸ್ಟಿನಲ್ಲಿ 2. ಹಾಗಾಗಿ 60ನೇ ದಿನ ಆಗಸ್ಟ್ 2. ಜೂನ್ 30ಕ್ಕೆ ಬಿಟ್ಟರೆ ಕಡಿಮೆ ಬೀಳುವುದು 33 ದಿನ. ರಾಜೀನಾಮೆ ಕೊಟ್ಟ ದಿನವನ್ನೂ ಸೇರಿಸಿ ಎಣಿಸಬೇಕೋ ಬೇಡವೋ ಎಂಬ ತಕರಾರು ಒಂದು ದಿನದ್ದಾದರೂ ಬಂದೇ ಬರುತ್ತದೆ. ಆದ್ದರಿಂದ ‘33 ದಿನ’ ಎಂದು ಮಾತ್ರ ಬರೆಯದೆ ‘ಜುಲೈ 1ರಿಂದ ಆಗಸ್ಟ್ 2ರವರೆಗೆ’ ಎಂದೂ ಸೇರಿಸುತ್ತೇನೆ.

ಲೆಕ್ಕ ಹಾಕುವ ಮೊದಲು ಕಪಾಟಿನಿಂದ ನೇಮಕಾತಿ ಪತ್ರ ತೆಗೆದು ಓದಬೇಕು. ನೋಟಿಸಿನ ಹಣ ಒಟ್ಟು ಸಂಬಳದ ಮೇಲೋ ಬೇಸಿಕ್ ಮೇಲೋ ಎಂದು ಅಲ್ಲಿ ಇರುತ್ತದೆ. ಒಟ್ಟು ಸಂಬಳ ಎಂದಿದ್ದರೆ ದಿನಕ್ಕೆ 900, ಬೇಸಿಕ್ ಎಂದಿದ್ದರೆ 500. ಏನೂ ಬರೆದಿಲ್ಲವಾದರೆ ನಾನು ಕಡಿಮೆಯದನ್ನೇ ಹಿಡಿಯುತ್ತೇನೆ. ಬರೆಯದೆ ಬಿಟ್ಟದ್ದು ನಮ್ಮ ಕಡೆಯ ತಪ್ಪು. ಇಲ್ಲಿ ಒಟ್ಟು ಸಂಬಳ ಎಂದೇ ಇದೆ ಅಂದುಕೊಳ್ಳುವ. ಸೇರಿದ ತಾರೀಕೂ ಅದೇ ಪತ್ರದಲ್ಲಿ ಸಿಗುತ್ತದೆ. ಐದು ವರ್ಷ ತುಂಬುವುದು ನೋಟಿಸಿನ ಅವಧಿಯೊಳಗೇ ಆಗಿದ್ದರೆ, ಉತ್ತರ ಬರೆಯುವ ಮೊದಲು ಅವರನ್ನು ಕೂರಿಸಿ ಗ್ರ್ಯಾಚುಯಿಟಿಯ ವಿಷಯ ಹೇಳಬೇಕು. ಬೇಗ ಹೋಗುವ ಗಡಿಬಿಡಿಯಲ್ಲಿ ಅದು ಅವರ ಲಕ್ಷ್ಯಕ್ಕೆ ಬಂದಿರುವುದಿಲ್ಲ, ಆಮೇಲೆ ನಾವು ಮುಚ್ಚಿಟ್ಟ ಹಾಗೆ ಆಗುತ್ತದೆ.

ಇನ್ನು ರಜೆ. 9 ದಿನದ ಗಳಿಕೆ ರಜೆ ಬಾಕಿ ಉಂಟು, ‘ಅದನ್ನು ನೋಟಿಸಿಗೆ ಹೊಂದಿಸಿ’ ಎಂದು ಎಲ್ಲರೂ ಕೇಳುತ್ತಾರೆ. ಹೆಚ್ಚಿನ ಪತ್ರಗಳು ಹಾಳಾಗುವುದು ಈ ‘ಹೊಂದಿಸುವುದು’ ಎಂಬ ಮಾತಿನಲ್ಲೇ. ಅದಕ್ಕೆ ಎರಡು ಅರ್ಥ ಉಂಟು. ಜುಲೈ 1ರಿಂದ 9ರವರೆಗೆ ರಜೆಯಲ್ಲಿದ್ದಾರೆ ಎಂದು ಹಾಕಿದರೆ ಅವರ ಸೇವೆ ನಮ್ಮಲ್ಲಿ ಜುಲೈ 9ರವರೆಗೆ ಇದ್ದ ಹಾಗಾಯಿತು, ಆದರೆ ಅವರು 1ಕ್ಕೇ ಮಂಗಳೂರಲ್ಲಿ ಹಾಜರಿ ಹಾಕಿರುತ್ತಾರೆ. ಒಂದೇ ದಿನಕ್ಕೆ ಎರಡು ಕಡೆ ನೌಕರಿ. ಪಿಎಫ್ ದಾಖಲೆಯಲ್ಲೂ ಹಾಗೆಯೇ ಬೀಳುತ್ತದೆ, ವರ್ಗಾವಣೆಯ ಅರ್ಜಿ ಹಾಕುವಾಗ ತೊಡಕಾಗುತ್ತದೆ. ಇನ್ನೊಂದು ಅರ್ಥ, ಸೇವೆ ಜೂನ್ 30ಕ್ಕೇ ಮುಗಿಯಿತು, 9 ದಿನದ ರಜೆಯ ಹಣವನ್ನು ನೋಟಿಸಿನ ಹಣದಿಂದ ಕಳೆಯಿತು ಎಂದು. ನಾನು ಮಾಡುವುದು ಇದನ್ನೇ. ‘ಹೊಂದಿಸಲಾಗಿದೆ’ ಎಂಬ ಶಬ್ದ ಬಿಟ್ಟು ‘9 ದಿನದ ರಜೆಯ ಹಣವನ್ನು ಕಳೆಯಲಾಗಿದೆ’ ಎಂದು ಬರೆಯುತ್ತೇನೆ. 33ರಲ್ಲಿ 9 ಹೋದರೆ 24 ದಿನ, ದಿನಕ್ಕೆ 900ರಂತೆ 21,600 ರೂಪಾಯಿ.

ಇಷ್ಟನ್ನೂ ಜೂನ್ ಸಂಬಳದಲ್ಲಿ ಹಿಡಿಯಲು ಆಗುವುದಿಲ್ಲ. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಒಂದು ಸಂಬಳದ ಅವಧಿಯಲ್ಲಿ ಎಲ್ಲಾ ಕಡಿತಗಳು ಸೇರಿ ಅರ್ಧಕ್ಕಿಂತ ಮೇಲೆ ಹೋಗಬಾರದು. 27,000ದ ಅರ್ಧ 13,500. ಪಿಎಫ್ 1,800 ಕಳೆದರೆ ಉಳಿಯುವುದು 11,700. ಹಾಗಾಗಿ ನಾನು 24ರಲ್ಲಿ 12 ದಿನವನ್ನು ಷರತ್ತಿನ ಮಾಫಿಗೆ ಇಡುತ್ತೇನೆ. ಷರತ್ತು ಮುಗಿಸಿದರೆ ಹಿಡಿಯುವುದು 10,800 ಮಾತ್ರ, ಮಿತಿಯೊಳಗೆ ಬರುತ್ತದೆ, ಕೈಗೆ 14,400 ಸಿಗುತ್ತದೆ. ಮುಗಿಸದಿದ್ದರೆ ಸಂಬಳದಿಂದ 11,700, ಉಳಿದ 9,900ವನ್ನು ಅವರು ಬ್ಯಾಂಕ್ ಮೂಲಕ ಕಟ್ಟಬೇಕು. ಕಡಿತಕ್ಕೆ ಅವರ ಲಿಖಿತ ಒಪ್ಪಿಗೆಯನ್ನೂ ಅದೇ ಪತ್ರದಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ಇದಕ್ಕೆ ಜಿಎಸ್‌ಟಿ ಸೇರಿಸಬೇಕೇ ಎಂದು ಆಡಿಟರ ಆಫೀಸಿನ ಹುಡುಗರು ಈಗಲೂ ಕೇಳುತ್ತಾರೆ. ಬೇಡ, 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಅದು ಸ್ಪಷ್ಟವಾಗಿದೆ.

ಷರತ್ತುಗಳ ಬಗ್ಗೆ ನನ್ನದು ಒಂದೇ ಪರೀಕ್ಷೆ: ಅದು ಅವರ ಕೈಯಿಂದಲೇ ಮುಗಿಯುವ ಕೆಲಸವೇ, ಮುಗಿದದ್ದು ಮೂರನೆಯವರಿಗೂ ಕಾಣುತ್ತದೆಯೇ. ‘ಬದಲಿ ಜನ ಸಿಕ್ಕಿದ ಮೇಲೆ’ ಎಂಬುದು ಅವರ ಕೈಯಲ್ಲಿಲ್ಲ. ‘ಆಡಳಿತಕ್ಕೆ ತೃಪ್ತಿಯಾಗುವಂತೆ’ ಎಂಬುದು ಯಾರಿಗೂ ಕಾಣುವುದಿಲ್ಲ. ಮೇ ತಿಂಗಳ ಜಿಎಸ್‌ಟಿಆರ್-3ಬಿ ಜೂನ್ 20ಕ್ಕೆ ಸಲ್ಲಿಸಬೇಕು ಎಂದೂ ನಾನು ಬರೆಯುವುದಿಲ್ಲ, ಸಲ್ಲಿಸಲು ಧಣಿಗಳ ಫೋನಿಗೆ ಬರುವ ಒಟಿಪಿ ಬೇಕು, ಅವರು ಆ ದಿನ ಮದುವೆ ಮನೆಯಲ್ಲಿದ್ದರೆ ಅಕೌಂಟೆಂಟ್ ಏನು ಮಾಡಬೇಕು? ‘18ರೊಳಗೆ ಸಿದ್ಧಪಡಿಸಿ ಕೊಡುವುದು’ ಎಂದರೆ ಸರಿ. ರೈತರಿಂದ ಕೊಂಡ ಗೇರುಬೀಜಕ್ಕೆ ರಿವರ್ಸ್ ಚಾರ್ಜ್‌ನಲ್ಲಿ ತೆರಿಗೆ ನಾವೇ ಕಟ್ಟಬೇಕಾದ್ದರಿಂದ ಸೀಸನಿನ ಕೊನೆಯ ತಿಂಗಳ ಆ ಪಟ್ಟಿಯನ್ನು ಬೇರೆಯಾಗಿಯೇ ಕೇಳುತ್ತೇನೆ. ಹೊಸಬರಿಗೆ ಮೊದಲು ತಪ್ಪುವುದು ಅಲ್ಲೇ.

ಪತ್ರ ಹೀಗಿರುತ್ತದೆ:

‘ಮಾನ್ಯರೇ, ಜೂನ್ 3ರ ನಿಮ್ಮ ರಾಜೀನಾಮೆ ಮತ್ತು ಜೂನ್ 30ಕ್ಕೇ ಬಿಡುಗಡೆ ಮಾಡಬೇಕೆಂಬ ಜೂನ್ 4ರ ನಿಮ್ಮ ಕೋರಿಕೆ ತಲುಪಿದೆ. ನಿಮ್ಮ ನೋಟಿಸ್ ಆಗಸ್ಟ್ 2ಕ್ಕೆ ಮುಗಿಯಬೇಕಿತ್ತು. ನಿಮ್ಮ ಕೋರಿಕೆಯ ಮೇರೆಗೆ ಜೂನ್ 30ರ ಕೆಲಸದ ವೇಳೆ ಮುಗಿದಾಗ ನಿಮ್ಮನ್ನು ಬಿಡುಗಡೆ ಮಾಡಲು ಒಪ್ಪಿದ್ದೇವೆ. ಜುಲೈ 1ರಿಂದ ಆಗಸ್ಟ್ 2ರವರೆಗಿನ 33 ದಿನಗಳಲ್ಲಿ 9 ದಿನದ ರಜೆಯ ಹಣವನ್ನು ಕಳೆಯಲಾಗಿದೆ. ಉಳಿದ 24 ದಿನಕ್ಕೆ ದಿನಕ್ಕೆ 900ರಂತೆ 21,600 ರೂಪಾಯಿ ನೀವು ಕೊಡಬೇಕಾಗುತ್ತದೆ. ಕೆಳಗಿನ ನಾಲ್ಕು ಕೆಲಸಗಳು ಹೇಳಿದ ತಾರೀಕಿನೊಳಗೆ ಮುಗಿದರೆ ಇದರಲ್ಲಿ 12 ದಿನದ 10,800 ರೂಪಾಯಿ ಮಾಫಿ.

ಮೇ ತಿಂಗಳ 3ಬಿ ಮತ್ತು ಗೇರುಬೀಜದ ರಿವರ್ಸ್ ಚಾರ್ಜ್ ಪಟ್ಟಿಯನ್ನು ಜೂನ್ 18ರೊಳಗೆ ಸಿದ್ಧಪಡಿಸಿ ಕೊಡುವುದು. ಇ-ವೇ ಬಿಲ್ ಮತ್ತು ಬ್ಯಾಂಕಿನ ಒಟಿಪಿ ಬರುವ ನಿಮ್ಮ ಮೊಬೈಲ್ ನಂಬರನ್ನು ಜೂನ್ 25ರೊಳಗೆ ಬದಲಿಸಲು ಬೇಕಾದ ಒಟಿಪಿ, ಸಹಿ ಕೊಡುವುದು. ಜೂನ್ 26ರವರೆಗೆ ನಿಮಗೆ ತಲುಪಿದ ಖರೀದಿ ಬಿಲ್ಲುಗಳನ್ನು 29ರೊಳಗೆ ಟ್ಯಾಲಿಗೆ ಏರಿಸುವುದು. ಜೂನ್ 22ರಿಂದ 27ರವರೆಗೆ ದಿನಕ್ಕೆ ಒಂದು ಗಂಟೆ ಸ್ಟೋರ್ ಕ್ಲರ್ಕಿಗೆ ಕೆಲಸ ತೋರಿಸಿ ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕುವುದು.

ಯಾವುದಾದರೂ ಬಾಕಿ ಉಳಿದರೆ ಬಿಡುಗಡೆಯ ತಾರೀಕು ಬದಲಾಗುವುದಿಲ್ಲ, ಮಾಫಿ ಇರುವುದಿಲ್ಲ. ನಮ್ಮ ಕಡೆಯಿಂದ ತಡವಾದ ಕೆಲಸವನ್ನು ಮುಗಿದದ್ದೆಂದೇ ಎಣಿಸಲಾಗುವುದು. ಒಪ್ಪಿಗೆ ಇದ್ದರೆ, ಸಂಬಳದಿಂದ ಮಿತಿಯೊಳಗೆ ಕಡಿತ ಮಾಡಲು ಸಮ್ಮತಿಯೊಂದಿಗೆ, ಜೂನ್ 9ರೊಳಗೆ ಉತ್ತರಿಸಿ. ಉತ್ತರ ಬಾರದಿದ್ದರೆ ಆಗಸ್ಟ್ 2ರ ತಾರೀಕೇ ಉಳಿಯುತ್ತದೆ.’

ಇದರಲ್ಲಿ ‘ನಿಮ್ಮ ಕೋರಿಕೆಯ ಮೇರೆಗೆ’ ಎಂಬ ಮೂರು ಶಬ್ದ ಬಿಟ್ಟುಹೋಗಬಾರದು. ಅದಿಲ್ಲದಿದ್ದರೆ ನಾವೇ ಮೊದಲು ಕಳಿಸಿದ ಹಾಗೆ ಓದಿಸಿಕೊಳ್ಳುತ್ತದೆ, ಆಗ ಆಗಸ್ಟ್ 2ರವರೆಗಿನ ಸಂಬಳ ನಾವು ಕೊಡಬೇಕು ಎಂಬ ವಾದಕ್ಕೆ ದಾರಿಯಾಗುತ್ತದೆ. ಹಾಗೆಯೇ, ಈ ಪತ್ರ ಹೋಗುವ ಮೊದಲು ಯಾರೂ ವಾಟ್ಸಾಪಿನಲ್ಲಿ ‘ಓಕೆ, 30ಕ್ಕೆ ಹೊರಡಿ’ ಎಂದು ಹಾಕಬಾರದು. ಒಮ್ಮೆ ಒಪ್ಪಿದ ಮೇಲೆ ಷರತ್ತು ಸೇರಿಸಿದರೆ ಅದು ಒಪ್ಪಿಗೆಯ ಭಾಗವೇ ಅಲ್ಲ. ಧಣಿಗಳಿಗೆ ಇದನ್ನು ಮೊದಲೇ ಹೇಳಿಡಬೇಕು, ಅವರು ದಾಕ್ಷಿಣ್ಯಕ್ಕೆ ಹೂಂ ಎಂದುಬಿಡುತ್ತಾರೆ. ನಮ್ಮ ಕಡೆ ಕಚೇರಿಯ ಕಾಗದ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಹೋಗುವುದು ರೂಢಿ. ಕನ್ನಡದಲ್ಲಿ ಓದುವವರಿಗೆ ಕನ್ನಡದ್ದನ್ನೂ ಕೊಟ್ಟು ಎರಡಕ್ಕೂ ಸಹಿ ತೆಗೆದುಕೊಳ್ಳುತ್ತೇನೆ. ಅಂಕೆಗಳು ಎರಡರಲ್ಲೂ ಒಂದೇ ಇರಬೇಕು.

‘ಫೈನಲ್ ಸೆಟಲ್‌ಮೆಂಟ್ 45 ದಿನದಲ್ಲಿ’ ಎಂಬ ಹಳೆಯ ಸಾಲು ಇನ್ನೂ ಕೆಲವರ ನಮೂನೆಯಲ್ಲಿ ಉಂಟು, ಅದನ್ನು ತೆಗೆಯಬೇಕು. ರಾಜೀನಾಮೆ ಕೊಟ್ಟು ಹೋದವರ ಸಂಬಳವನ್ನೂ ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಹಾಗಾಗಿ ಷರತ್ತುಗಳ ಕೊನೆಯ ತಾರೀಕು 29, ಲೆಕ್ಕ 30ಕ್ಕೇ ಸಿದ್ಧ. ರಿಲೀವಿಂಗ್ ಪತ್ರವನ್ನೂ ಆ ಸಂಜೆಯೇ ಕೊಡುತ್ತೇನೆ, 9,900 ಬಾಕಿ ಇದ್ದರೂ. ಹಣ ಬರಲಿ ಎಂದು ಸರ್ಟಿಫಿಕೇಟ್ ಹಿಡಿದಿಡುವುದು ನನಗೆ ಸರಿ ಕಾಣುವುದಿಲ್ಲ, ಅದರಿಂದ ಹಣ ಬರುವುದೂ ಕಡಿಮೆ.

ಅವರು ಹೋದ ಮೇಲೆ ಉಳಿಯುವುದು ಎರಡು ಕೆಲಸ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಅವರ ಹೆಸರಿನ ಸಬ್-ಯೂಸರನ್ನು 30ರ ಸಂಜೆಯೇ ಫ್ರೀಜ್ ಮಾಡುವುದು ಒಂದು. ಮಂಗಳೂರಿಗೆ ಹೋಗುವ 50,000 ಮೇಲಿನ ಪ್ರತಿ ಲೋಡಿಗೂ ಬಿಲ್ ಬೇಕು, ಹಾಗಾಗಿ ಸ್ಟೋರ್ ಕ್ಲರ್ಕಿನ ಹೊಸ ಲಾಗಿನ್ ಮಾಡಿ, ಒಂದು ಲೋಡಿಗೆ ಬಿಲ್ ತೆಗೆದು ನೋಡಿದ ಮೇಲೆಯೇ ಹಳೆಯದನ್ನು ಮುಚ್ಚಬೇಕು. ಇನ್ನೊಂದು, ಜುಲೈ 15ರೊಳಗೆ ಜೂನ್ ತಿಂಗಳ ಪಿಎಫ್ ಕಟ್ಟಿ, ಬಿಟ್ಟ ತಾರೀಕನ್ನು ಪೋರ್ಟಲ್‌ನಲ್ಲಿ ಹಾಕುವುದು. ಅಲ್ಲಿ ಹಾಕಬೇಕಾದ್ದು ಜೂನ್ 30. ರಾಜೀನಾಮೆಯ ಫೈಲ್ ನೋಡಿ ಆಗಸ್ಟ್ 2 ಎಂದು ಟೈಪ್ ಮಾಡಿಬಿಡುವುದು ತುಂಬಾ ಸುಲಭ, ಅದಕ್ಕೇ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘30-6’ ಎಂದು ಬರೆದಿಡುತ್ತೇನೆ.